ಪಕ್ಕದಿಂದ ತೆಗೆದ ಫೋಟೋ

ಅಣ್ಣ ಊರಿಂದ ಒಂದು ಹಸುವಿನ ಫೋಟೋ ಕಳಿಸಿದ್ದ. ಎಚ್‌ಎಫ್ ಕ್ರಾಸ್, ಎರಡನೇ ಸೂಲು. 'ಎಂಬತ್ತು ಸಾವಿರ ಹೇಳ್ತಾವ್ರೆ, ನೋಡೋ' ಅಂದ.

ನಾನು ಮೊದಲು ನೋಡಿದ್ದು ನೆಲವನ್ನು. ಮುಂಗಾಲು ದಿಬ್ಬದ ಮೇಲಿದ್ದರೆ ಬೆನ್ನಿನ ಗೆರೆಯನ್ನು ನಂಬೋಕಾಗಲ್ಲ. ಇಲ್ಲಿ ನೆಲ ಸಮ ಇತ್ತು, ಹೆಗಲಿಂದ ಸೊಂಟದವರೆಗೆ ಬೆನ್ನೂ ನೇರವಾಗಿತ್ತು.

ಆಮೇಲೆ ಹಿಂಗಾಲು. ಅದು ಗಿಣ್ಣಿನ ಹತ್ತಿರ ಸ್ವಲ್ಪ ಬಾಗಿರಬೇಕು. ಕಂಬದ ಹಾಗೆ ನೇರವಿದ್ದರೆ ಕೀಲಿಗೆ ಪೆಟ್ಟು, ಕುಡುಗೋಲಿನಂತೆ ಬಾಗಿದ್ದರೆ ಭಾರ ಗೊರಸಿನ ಹಿಂಭಾಗಕ್ಕೆ ಬೀಳುತ್ತೆ. ಇದರ ಕಾಲು ತುಸು ಹೆಚ್ಚೇ ಬಾಗಿತ್ತು. ಆದರೆ ಹೆಜ್ಜೆ ಮುಂದಿಟ್ಟ ಕಾಲು ಹಾಗೇ ಕಾಣುತ್ತೆ, ಆದ್ದರಿಂದ ಅದನ್ನು ತಪ್ಪು ಅನ್ನಲಿಲ್ಲ.

ನನ್ನನ್ನು ತಡೆದದ್ದು ಕೆಚ್ಚಲು. ನೋಡೋಕೆ ದೊಡ್ಡದು, ಆದರೆ ಹೊಟ್ಟೆಗೆ ಸೇರುವಲ್ಲಿ ನಯವಾಗಿ ಬೆರೆಯದೆ ಸಂದು ಬಿಟ್ಟಿತ್ತು. ತಳ ಆಗಲೇ ಗಿಣ್ಣಿನ ಮಟ್ಟಕ್ಕಿತ್ತು. ಸೂಲು ಹೆಚ್ಚಿದಂತೆ ಕೆಚ್ಚಲು ಇಳಿಯುತ್ತೆ. ಇಳಿದದ್ದು ಕೊಳೆಗೆ, ತುಳಿತಕ್ಕೆ ಸಿಗುತ್ತೆ, ಕೆಚ್ಚಲು ಬಾವು ಸುಲಭವಾಗಿ ಬರುತ್ತೆ.

ಆದರೂ ಹಾಲು ತುಂಬಿದ್ದಾಗ ತೆಗೆದ ಫೋಟೋ ಇರಬಹುದು. ಎಡಬಲ ಕೆಚ್ಚಲನ್ನು ನಡುವೆ ಎತ್ತಿ ಹಿಡಿಯುವ ಪಟ್ಟಿ ಗಟ್ಟಿ ಇದೆಯಾ ಅನ್ನೋದೂ ಪಕ್ಕದಿಂದ ತಿಳಿಯಲ್ಲ. 'ಕರೆದ ಮೇಲೆ ಹಿಂದಿಂದ ಒಂದು ಫೋಟೋ, ನಡೆಯುವ ವೀಡಿಯೋ ಕಳಿಸು' ಅಂದೆ.

ವೀಡಿಯೋದಲ್ಲಿ ನಡಿಗೆ ಚೆನ್ನಾಗಿತ್ತು. ಹಿಂದಿನ ಫೋಟೋದಲ್ಲಿ ನಡುವಿನ ಸೀಳು ಕಾಣಲೇ ಇಲ್ಲ, ಕರೆದ ಕೆಚ್ಚಲೂ ಗಿಣ್ಣಿನ ಮಟ್ಟದಲ್ಲೇ ಜೋತಿತ್ತು. ಅಣ್ಣ ಆ ಹಸು ಬಿಟ್ಟ.