ನಾಲ್ಕು ಎಳೆ ಕೇಸರಿ, ಮಗುವಿನ ಬಣ್ಣ ಮತ್ತು ಕುಸುಬಿ ಹೂವು

ಬಸುರಿ ಅಂತ ಗೊತ್ತಾದ ಮೇಲೆ ನಮ್ಮನೆಗೆ ಹಣ್ಣಿಗಿಂತ ಜಾಸ್ತಿ ಬಂದದ್ದು ಕೇಸರಿ ಡಬ್ಬಿ. ಐದನೇ ತಿಂಗಳಿಗೆ ಮೂರಾದವು. ಒಂದು ಮೈಸೂರಿನಿಂದ ಅತ್ತೆ ತಂದದ್ದು, ಒಂದು ಗದಗಿನಿಂದ ಅವ್ವ ಕಳಿಸಿದ್ದು, ಇನ್ನೊಂದು ನೆಂಟರೊಬ್ಬರು ಪ್ರವಾಸಕ್ಕೆ ಹೋದಾಗ ಕೊಂಡು ತಂದದ್ದು. ಮೂರರ ಜೊತೆಗೂ ಒಂದೇ ಮಾತು: "ದಿನಾ ಹಾಲಿಗೆ ಹಾಕ್ಕೊಂಡು ಕುಡಿಯಮ್ಮ, ಮಗು ಬೆಳ್ಳಗೆ ಹುಟ್ಟುತ್ತೆ."

ನಾನು ಕಪ್ಪು. ನನ್ನ ಗಂಡ ನನಗಿಂತ ಸ್ವಲ್ಪ ಬಿಳಿ. ಹಾಗಾಗಿ ಆ ಮಾತಿನೊಳಗೆ 'ನಿನ್ನ ಥರ ಆಗದಿರಲಿ' ಅನ್ನೋ ಇನ್ನೊಂದು ಮಾತೂ ಇರುತ್ತೆ. ಹೇಳುವವರಿಗೆ ಅದು ಹೊಳೆದಿರಲ್ಲ, ಕೇಳುವವಳಿಗೆ ಚುಚ್ಚುತ್ತೆ. ಕೇಸರಿ ಹಾಲಿನ ರುಚಿ ನನಗೆ ಇಷ್ಟ. ಆದರೆ ಕುಡಿಯುವುದಾದರೆ ಯಾಕೆ, ಎಷ್ಟು, ಯಾವುದು ಅಂತ ತಿಳ್ಕೊಂಡೇ ಕುಡಿಯೋಣ ಅನ್ನಿಸಿತು.

ಬಣ್ಣ ಬರೋದು ಎಲ್ಲಿಂದ?

ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್. ಅದು ಎಷ್ಟು, ಯಾವ ಬಗೆಯದು ಅನ್ನೋದನ್ನ ಅಪ್ಪ ಅಮ್ಮನಿಂದ ಬಂದ ಹಲವಾರು ಜೀನ್‌ಗಳು ಸೇರಿ ತೀರ್ಮಾನಿಸುತ್ತವೆ. ಗರ್ಭ ಕಟ್ಟಿದ ದಿನವೇ ಆ ಜೀನ್‌ಗಳು ಸೇರಿಯಾಗಿರುತ್ತವೆ. ಐದನೇ ತಿಂಗಳಲ್ಲಿ ಕುಡಿದ ಹಾಲು ಅದನ್ನ ತಿದ್ದಲಾರದು. ಕೇಸರಿಯ ಹಳದಿಗೆ ಕ್ರೋಸಿನ್ ಅಂತ ಹೆಸರು (ಜ್ವರದ ಮಾತ್ರೆಯ ಹೆಸರೂ ಅದೇ, ಸಂಬಂಧ ಮಾತ್ರ ಏನೂ ಇಲ್ಲ). ಹೊಟ್ಟೆಗೆ ಹೋದ ಮೇಲೆ ಅದು ಒಡೆದು ಬೇರೆ ರೂಪಕ್ಕೆ ತಿರುಗುತ್ತೆ. ಮೆಲನಿನ್ ತಂಟೆಗೆ ಹೋಗಿ ಮಗುವಿನ ಚರ್ಮಕ್ಕೆ ಬಿಳಿ ಹಚ್ಚೋದಿಲ್ಲ.

ಹಾಗಿದ್ದರೂ ಈ ನಂಬಿಕೆ ಯಾಕೆ ಸಾಯಲ್ಲ ಅಂತ ನನಗೆ ತಿಳಿದದ್ದು ಅತ್ತೆಯ ಬಾಯಲ್ಲೇ. "ಇವನು ಹುಟ್ಟಿದಾಗ ಹಾಲಿನ ಹಾಗಿದ್ದ ಕಣಮ್ಮ, ಆಮೇಲೆ ಬಿಸಿಲಲ್ಲಿ ಆಡಿ ಆಡಿ ಕಂದಿಹೋದ" ಅಂದರು. ನಮ್ಮಂಥವರ ಮಕ್ಕಳು ಎಷ್ಟೋ ಸಲ ತಿಳಿಯಾದ, ಕೆಂಪು ಮಿಶ್ರಿತ ಬಣ್ಣದಲ್ಲಿ ಹುಟ್ಟುತ್ತವೆ. ಮೆಲನಿನ್ ಪೂರ್ತಿ ತಯಾರಾಗೋದು ಹುಟ್ಟಿದ ನಂತರದ ವಾರಗಳಲ್ಲಿ, ತಿಂಗಳುಗಳಲ್ಲಿ. ಅಂದರೆ ಕೇಸರಿ ಕುಡಿದವಳ ಮಗುವೂ ಮೊದಲ ದಿನ ಬೆಳ್ಳಗೆ ಕಾಣಬಹುದು, ಕುಡಿಯದವಳ ಮಗುವೂ ಕಾಣಬಹುದು. ಮೊದಲನೆಯದರ ಶ್ರೇಯ ಕೇಸರಿಗೆ ಹೋಗುತ್ತೆ, ಆಮೇಲಿನ ಬಣ್ಣದ ತಪ್ಪು ಬಿಸಿಲಿಗೆ.

ಎಷ್ಟು ಹಾಕಬೇಕು?

'ಒಂದು ಚಿಟಿಕೆ' ಅಂದರೆ ಎಲ್ಲರ ಬೆರಳಿಗೂ ಒಂದೇ ಅಳತೆ ಅಲ್ಲ. ನನ್ನ ಚಿಟಿಕೆಯಲ್ಲಿ ಎಂಟು ಎಳೆ, ಅತ್ತೆಯದರಲ್ಲಿ ಇಪ್ಪತ್ತು! ಅದಕ್ಕೇ ಎಳೆ ಲೆಕ್ಕ ಸಲೀಸು. ಒಣಗಿದ ಒಂದು ಗ್ರಾಂ ಕೇಸರಿಯಲ್ಲಿ ಹೆಚ್ಚುಕಮ್ಮಿ 400ರಿಂದ 500 ಎಳೆ ಇರುತ್ತವೆ. ಒಂದು ಎಳೆ ಸುಮಾರು 2 ಮಿಲಿಗ್ರಾಂ. ನಾನು ಒಂದು ಲೋಟ ಹಾಲಿಗೆ ನಾಲ್ಕು ಎಳೆ ಹಾಕ್ತೀನಿ, ಅಂದರೆ ಸುಮಾರು 8 ಮಿಲಿಗ್ರಾಂ. ಈ ಲೆಕ್ಕದಲ್ಲಿ ಒಂದು ಗ್ರಾಂ ಡಬ್ಬಿ ದಿನಾ ಕುಡಿದರೂ ಮೂರು ತಿಂಗಳ ಮೇಲೆ ಬರಬೇಕು. ನಿಮ್ಮನೇಲಿ ಅದು ತಿಂಗಳಿಗೇ ಖಾಲಿಯಾಗ್ತಿದ್ದರೆ ಕೈ ಜಾಸ್ತಿ ಆಗಿದೆ ಅಂತಲೇ ಅರ್ಥ.

ಕೇಸರಿ ತೀರಾ ಹೆಚ್ಚಾದರೆ ಗರ್ಭಕೋಶ ಸಂಕುಚಿಸಬಹುದು. ಅಪಾಯದ ಪ್ರಮಾಣ ಅಂತ ಹೇಳುವುದು 5 ಗ್ರಾಂ, 10 ಗ್ರಾಂಗಳ ಮಾತು. ನಾಲ್ಕು ಎಳೆಗೂ ಅದಕ್ಕೂ ಹೋಲಿಕೆಯೇ ಇಲ್ಲ, ಅಡುಗೆಯ ಅಳತೆಗೆ ಹೆದರಬೇಕಿಲ್ಲ. ಎಚ್ಚರ ಬೇಕಿರೋದು ಕೇಸರಿ ಕ್ಯಾಪ್ಸೂಲ್ ವಿಷಯದಲ್ಲಿ. ಅದರಲ್ಲಿರೋದು ಅಡುಗೆಯ ಅಳತೆ ಅಲ್ಲ, ಔಷಧಿಯ ಅಳತೆ. ಡಾಕ್ಟರ್ ಹೇಳದೆ ಅದನ್ನ ಮುಟ್ಟಬೇಡಿ. ಮೊದಲೊಮ್ಮೆ ಗರ್ಭಪಾತ ಆಗಿದ್ದರೆ, ಈಗ ರಕ್ತಸ್ರಾವ ಇದ್ದರೆ ನಾಲ್ಕು ಎಳೆಗೂ ಅವರನ್ನ ಕೇಳಿಬಿಡಿ.

ಇನ್ನೊಂದು ವಿಷಯ ನಮ್ಮ ಡಾಕ್ಟರ್ ಹೇಳಿದ್ದು. ಕಬ್ಬಿಣದ ಮಾತ್ರೆಯನ್ನ ಹಾಲಿನ ಜೊತೆ ನುಂಗಬಾರದು, ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಮೈಗೆ ಸೇರದ ಹಾಗೆ ತಡೆಯುತ್ತೆ. ರಾತ್ರಿ ಮಾತ್ರೆ, ರಾತ್ರಿಯೇ ಕೇಸರಿ ಹಾಲು ಅಂತಿದ್ದರೆ ಮಧ್ಯೆ ಎರಡು ಗಂಟೆ ಅಂತರ ಇರಲಿ. ಮಗುವಿನ ಬಣ್ಣಕ್ಕಿಂತ ನಮ್ಮ ಹಿಮೋಗ್ಲೋಬಿನ್ ಮುಖ್ಯ.

ಅಸಲಿಯೋ ನಕಲಿಯೋ?

ಕೇಸರಿ ದುಬಾರಿ, ಅದಕ್ಕೇ ಮೋಸವೂ ಜಾಸ್ತಿ. ಒಂದು ಹೂವಿನಲ್ಲಿ ಸಿಗೋದು ಮೂರೇ ಎಳೆ, ಅದನ್ನೂ ಕೈಯಲ್ಲೇ ಬಿಡಿಸಬೇಕು. ಒಂದು ಕಿಲೋ ಆಗಬೇಕಾದರೆ ಲಕ್ಷಕ್ಕೂ ಹೆಚ್ಚು ಹೂವು ಬೇಕು. ಹಾಗಾಗಿ ಜೋಳದ ತೆನೆಯ ಕೂದಲಿಗೆ, ಕುಸುಬೆ ಹೂವಿನ ಎಸಳಿಗೆ ಬಣ್ಣ ಹಾಕಿ ಕೇಸರಿ ಅಂತ ಮಾರುವವರಿದ್ದಾರೆ.

ಮೂರೂ ಡಬ್ಬಿಯಿಂದ ನಾಲ್ಕು ನಾಲ್ಕು ಎಳೆ ತೆಗೆದು, ಮೂರು ಗಾಜಿನ ಲೋಟದ ತಣ್ಣೀರಿಗೆ ಹಾಕಿ ಮೊಬೈಲಲ್ಲಿ ಹತ್ತು ನಿಮಿಷದ ಟೈಮರ್ ಇಟ್ಟೆ. ಅತ್ತೆಯದು, ಅವ್ವನದು ಮೊದಲ ನಿಮಿಷ ಏನೂ ಆಗದ ಹಾಗೆ ಕೂತವು. ಆಮೇಲೆ ಎಳೆಯಿಂದ ಚಿನ್ನದಂಥ ಹಳದಿ ಮೆಲ್ಲಗೆ ಬಿಡುತ್ತಾ ಬಂತು. ಟೈಮರ್ ಹೊಡೆದಾಗ ನೀರು ಹಳದಿ, ಎಳೆ ಇನ್ನೂ ಕೆಂಪು. ಮೂರನೆಯದು ಅರ್ಧ ನಿಮಿಷಕ್ಕೇ ನೀರನ್ನ ಕಿತ್ತಳೆ ಮಾಡಿಬಿಟ್ಟಿತು. ಹತ್ತು ನಿಮಿಷಕ್ಕೆ 'ಎಳೆ' ಬಿಳಿಚಿಕೊಂಡಿತ್ತು.

ನೆಂದ ಎಳೆಗಳನ್ನ ಟಿಶ್ಯೂ ಮೇಲೆ ಹರಡಿದೆ. ನಿಜವಾದ ಕೇಸರಿ ಎಳೆಯ ಒಂದು ತುದಿ ಸಣ್ಣ, ಇನ್ನೊಂದು ತುದಿ ತುತ್ತೂರಿಯ ಬಾಯಿಯಂತೆ ಅಗಲ. ಮೂರನೆಯದರಲ್ಲಿ ಆ ತುತ್ತೂರಿ ಇರಲೇ ಇಲ್ಲ, ತೆಳ್ಳನೆಯ ಎಸಳಿನ ಚೂರುಗಳಷ್ಟೇ. ಫೋಟೊ ಕಳಿಸಿದರೆ ಅವ್ವ ತಕ್ಷಣ ಫೋನ್ ಮಾಡಿದಳು: "ಅಯ್ಯ, ಇದು ನಮ್ಮ ಹೊಲದಾಗಿನ ಕುಸುಬಿ ಹೂವ ಇದ್ದಂಗ ಐತಲ್ಲವಾ!"

ಮೂಗು, ನಾಲಿಗೆಯೂ ಸಹಾಯಕ್ಕೆ ಬರುತ್ತವೆ. ಅಸಲಿ ಕೇಸರಿಯ ಪರಿಮಳದಲ್ಲಿ ಒಣಹುಲ್ಲು, ಜೇನು ಎರಡರ ನೆನಪೂ ಇರುತ್ತೆ, ರುಚಿ ಕಹಿ. ಎಳೆ ಸಿಹಿಯಾಗಿದ್ದರೆ ಸಕ್ಕರೆಯನ್ನೋ ಜೇನನ್ನೋ ಸವರಿರಬಹುದು. ಪೇಪರ್ ಮಧ್ಯೆ ಒತ್ತಿದಾಗ ಜಿಡ್ಡಿನ ಕಲೆ ಬಿದ್ದರೆ ತೂಕಕ್ಕೆ ಎಣ್ಣೆ ಹಾಕಿದ್ದಾರೆ ಅಂತ ಅನುಮಾನಿಸಿ.

ಈ ಪರೀಕ್ಷೆಗೆ ಮಿತಿಯೂ ಇದೆ. ಅಸಲಿ ಎಳೆಗೇ ಸ್ವಲ್ಪ ಕೃತಕ ಬಣ್ಣ ಸೇರಿಸಿದ್ದರೆ ಲೋಟದಲ್ಲಿ ಗೊತ್ತಾಗಲ್ಲ, ಅದಕ್ಕೆ ಲ್ಯಾಬೇ ಬೇಕು. ಅದಕ್ಕಾಗಿ ಪುಡಿ ಬೇಡ, ಬಿಡಿ ಮಾಲೂ ಬೇಡ. ಎಫ್ಎಸ್ಎಸ್ಎಐ ಪರವಾನಗಿ ಸಂಖ್ಯೆ, ಬ್ಯಾಚ್, ದಿನಾಂಕ ಇರುವ ಒಂದು ಗ್ರಾಂ ಪ್ಯಾಕ್ ಸಾಕು. ಬಿಸಿಲು ತಾಗದ ಕಡೆ, ಗಾಳಿಯಾಡದ ಡಬ್ಬಿಯಲ್ಲಿಡಿ.

ಮೂರನೇ ಡಬ್ಬಿಯನ್ನ ಕಸಕ್ಕೆ ಹಾಕಿದೆ. ಯಾವ ಬಣ್ಣ ಬಳಿದಿದ್ದಾರೋ ಗೊತ್ತಿಲ್ಲದ್ದನ್ನ ಬಸುರಿ ಹೊಟ್ಟೆಗೆ ಹಾಕೋಕಾಗುತ್ತಾ? ಉಳಿದ ಎರಡರಲ್ಲಿ ನಾಲ್ಕೇ ಎಳೆ ಎಣಿಸಿ, ಎರಡು ಚಮಚ ಬೆಚ್ಚನೆ ಹಾಲಲ್ಲಿ ಕಾಲು ಗಂಟೆ ನೆನೆಸಿ ಲೋಟಕ್ಕೆ ಸೇರಿಸ್ತೀನಿ. ಹಾಲು ತಿಳಿ ಹಳದಿಯಾಗುತ್ತೆ, ಅಷ್ಟೇ ಆಗಬೇಕು. ಮೊನ್ನೆ ಅತ್ತೆ "ಇಷ್ಟೇನಾ? ಇಷ್ಟಕ್ಕೆ ಮಗು ಬೆಳ್ಳಗಾಗುತ್ತಾ?" ಅಂದರು. "ಎಷ್ಟು ಹಾಕಿದ್ರೂ ಆಗಲ್ಲ ಅತ್ತೆ, ನನ್ನ ಥರ ಹುಟ್ಟಿದ್ರೂ ನೀವೇ ಎತ್ಕೋಬೇಕು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೂ ಒಂದು ಲೋಟ ಬೆರೆಸಿಕೊಂಡರು.