ಗಟ್ಟಿಮೇಳಕ್ಕೆ ಮೂರು ಮೈಕು

ತಂಗಿಯ ಮಗಳ ಮದುವೆಗೆ ವಿಡಿಯೋ ಹಿಡಿಯುವ ಹುಡುಗ ಪಟ್ಟಿ ಕಳಿಸಿದ್ದ. ಕಾಶಿಯಾತ್ರೆ, ಜೀರಿಗೆ ಬೆಲ್ಲ, ಧಾರೆ, ಲಾಜಹೋಮ, ಎಲ್ಲಕ್ಕೂ ಹೊತ್ತು ಬರೆದಿತ್ತು. ಗಟ್ಟಿಮೇಳದ ಎದುರು ಮಾತ್ರ ಕೆಂಪಕ್ಷರದಲ್ಲಿ ‘ಆಡಿಯೋ ಮೂರು ಕಡೆ’ ಎಂದಿತ್ತು. ಹುಡುಗ ಎಲ್ಲೋ ಏಟು ತಿಂದಿದ್ದಾನೆ ಎಂದುಕೊಂಡೆ.

ಅಕ್ಕನ ಮದುವೆ ವಿಎಚ್‌ಎಸ್ ಕಾಲದ್ದು. ಆಗ ಕ್ಯಾಮೆರಾದವನ ಎರಡನೇ ಆಳೆಂದರೆ ಲೈಟು ಹಿಡಿಯುವವನು. ಅದರ ಕಾವಿಗೆ ಭಾವನ ಬಾಸಿಂಗವೂ ಬೆವರಿದಂತೆ ಕಾಣುತ್ತದೆ. ಕ್ಯಾಸೆಟ್ಟಿನಲ್ಲಿ ಪುರೋಹಿತರು ಬೆರಳೆತ್ತುತ್ತಾರೆ, ಅಂತರಪಟ ಸರಿಯುತ್ತದೆ, ಡೋಲು ಭೋರ್ಗರೆಯುತ್ತದೆ. ಮೇಳ ನಿಂತದ್ದೇ ಮಂಟಪದವರೆಲ್ಲ ಮೂಕರು! ಆ ಕ್ಯಾಮೆರಾ ಸದ್ದಿನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತಿತ್ತು. ಡೋಲಿಗೆ ಬೆದರಿ ತಗ್ಗಿಸಿದ್ದನ್ನು ಮತ್ತೆ ಏರಿಸಲು ಕೆಲವು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರೊಳಗೆ ಅಪ್ಪ ಬಾಯಾಡಿಸಿ ಮುಗಿಸಿರುತ್ತಾರೆ. ಏನೆಂದರೆಂದು ಮನೆಯಲ್ಲಿ ಈಗಲೂ ಜಗಳ.

ಆದರೆ ಗಟ್ಟಿಮೇಳ ಇರುವುದೇ ಬೇರೇನೂ ಕೇಳಿಸಬಾರದೆಂದು. ಮುಹೂರ್ತದಲ್ಲಿ ಯಾರೋ ಸೀನಿದರೆ, ಯಾರೋ ಅಪಶಕುನ ನುಡಿದರೆ ಅದು ಕಿವಿಗೆ ಬೀಳದಿರಲೆಂದು ಹಿರಿಯರು ಹೇಳುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ಹಳೇ ಕ್ಯಾಮೆರಾ ಪುರೋಹಿತರಿಗಿಂತ ಶಾಸ್ತ್ರೋಕ್ತವಾಗಿ ನಡೆದುಕೊಂಡಿತ್ತು.

ಈ ಹುಡುಗನಿಗೆ ಶಾಸ್ತ್ರವೂ ಬೇಕು, ಸೀನೂ ಬೇಕು. ಒಂದು ಪುಟ್ಟ ರೆಕಾರ್ಡರ್ ಪುರೋಹಿತರ ಸೊಂಟಕ್ಕೆ, ಅದರ ಮೈಕು ಶಲ್ಯಕ್ಕೆ. ಎರಡನೆಯದು ಛತ್ರದ ಮಿಕ್ಸರಿನಿಂದ ಎಳೆದ ತಂತಿ. ವಾಲಗಕ್ಕೆ ಮೈಕಿಡದ ಛತ್ರದಲ್ಲಿ ಅಲ್ಲಿ ಮಂತ್ರವಷ್ಟೇ ಸಿಕ್ಕುತ್ತದೆ, ಮೇಳ ದೂರದಲ್ಲೆಲ್ಲೋ ಗೊಣಗುತ್ತದೆ. ಮೂರನೆಯದು ಕ್ಯಾಮೆರಾದ್ದೇ ಮೈಕು. ಅದು ಚೆನ್ನಾಗಿ ಕೇಳಿಸುವುದಕ್ಕಲ್ಲ, ಉಳಿದೆರಡನ್ನು ಚಿತ್ರಕ್ಕೆ ಹೊಂದಿಸುವುದಕ್ಕೆ. “ಮಾತಿಗೆ ಸರಿಯಾಗಿ ಮಟ್ಟ ಇಟ್ರೆ ಡೋಲಿಗೆ ಒಡೆದುಹೋಗುತ್ತೆ ಅಂಕಲ್. ಅದಕ್ಕೇ ರೆಕಾರ್ಡರಲ್ಲಿ ಅದೇ ಸದ್ದನ್ನ ಹನ್ನೆರಡು ಡೆಸಿಬಲ್ ತಗ್ಗಿಸಿ ಇನ್ನೊಂದು ಟ್ರ್ಯಾಕ್ ಇಡ್ತೀನಿ” ಎಂದ. ಒಡೆದ ಸದ್ದಿನ ಅಲೆಗಳ ನೆತ್ತಿ ಪರದೆಯ ಮೇಲೆ ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದಂತೆ. ಆಮೇಲೆ ಎಷ್ಟು ತಗ್ಗಿಸಿದರೂ ಕರಕರ ಹೋಗದು.

ಎರಡನೇ ಕ್ಯಾಮೆರಾದವಳ ಕೆಲಸ ನನಗೆ ಇನ್ನೂ ಹಿಡಿಸಿತು. ಅಂತರಪಟದ ಆಚೀಚೆ ಎದುರುಬದುರು ನಿಂತವರ ಮುಖ ಒಂದೇ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ. ಅವನು ವರನ ಹೆಗಲ ಹಿಂದೆ ನಿಂತು ವಧುವನ್ನು ಹಿಡಿದರೆ, ಅವಳು ವಧುವಿನ ಹಿಂದೆ ನಿಂತು ವರನನ್ನು ಹಿಡಿಯಬೇಕು. ಅಕ್ಷತೆ ಹಾಕುವವರು ನುಗ್ಗುವ ಮೊದಲೇ ಸ್ಟೂಲು ಹತ್ತಿರಬೇಕು, ಧಾರೆ ಮುಗಿಯುವವರೆಗೆ ರೆಕಾರ್ಡಿಂಗ್ ನಿಲ್ಲಿಸಕೂಡದು. ಅವನು ಕೈಗಳ ಮೇಲೆ ಬೀಳುವ ನೀರನ್ನು ಹಿಡಿಯುವಾಗ ಇವಳು ಅದೇ ನೀರಿನ ಹಿಂದೆ ಬೀಳದೆ, ಎರೆಯುವ ತಾಯಿಯ ಮುಖ ಹಿಡಿಯಬೇಕು.

ಮದುವೆಮನೆಯವರು ಮಾಡಬೇಕಾದ್ದು ಒಂದೇ. ಪುರೋಹಿತರಿಗೆ ಹಿಂದಿನ ದಿನವೇ ಮೈಕಿನ ವಿಷಯ ಹೇಳಿಟ್ಟುಬಿಡಿ. ಮುಹೂರ್ತದ ಹೊತ್ತಿಗೆ ಅವರ ಸೊಂಟಕ್ಕೆ ಕೈಹಾಕಲು ಹೋಗಬೇಡಿ.