ಹತ್ತು ಗಾಲಿಯ ಲೆಕ್ಕ

ದಾಂಡೇಲಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕಿಳಿದ ಮೊದಲ ನಾಲ್ಕು ವರ್ಷ ನಾನು ಯಾರನ್ನೂ ವಾಪಸು ಕಳಿಸಲಿಲ್ಲ. ಹಳಿಯಾಳದ ಗೊಬ್ಬರದ ಅಂಗಡಿ, ಜೋಯಿಡಾದ ಹೋಮ್‌ಸ್ಟೇ, ಚಳಿಗಾಲದಲ್ಲಿ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುವ ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಅಮ್ಮ, ಜೊತೆಗೆ ಊರಿನ ಕೆಲವು ಲಾರಿ ಮಾಲೀಕರು. ಟ್ಯಾಲಿ ಬಂದರೆ ಸಾಕು, ಯಾವ ವ್ಯಾಪಾರವಾದರೇನು ಎಂಬ ಧೈರ್ಯ ನನ್ನದು.

ಆ ಧೈರ್ಯ ಮುರಿದದ್ದು 2022ರ ಅಕ್ಟೋಬರಿನಲ್ಲಿ. ಎರಡು ಹತ್ತು ಗಾಲಿಯ ಲಾರಿ ಇಟ್ಟುಕೊಂಡಿದ್ದ ಒಬ್ಬರ ಆದಾಯ ತೆರಿಗೆ ರಿಟರ್ನ್ ಅನ್ನು ನಾನು ಜುಲೈನಲ್ಲೇ ಸಲ್ಲಿಸಿದ್ದೆ. ಬುಕಿಂಗ್ ಆಫೀಸಿನಲ್ಲಿ ಕೂರುವ ಹಿರಿಯರೊಬ್ಬರು ಅದರ ಪ್ರತಿ ನೋಡಿ ನಕ್ಕರು. "ತಮ್ಮಾ, ಇದು ಹತ್ತ ಗಾಲಿ ಲಾರಿ, ಟೆಂಪೋ ಅಲ್ಲ."

ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದ ಮಾಲೀಕರು ಖರ್ಚುವೆಚ್ಚದ ಪುಸ್ತಕ ಇಡದೆ, ಗಾಡಿಗೆ ಇಷ್ಟು ಎಂದು ಅಂದಾಜು ಲಾಭ ತೋರಿಸಬಹುದು. 44ಎಇ ಎಂಬ ಆ ಕಲಮಿನಲ್ಲಿ ಮೊದಲು ಎಲ್ಲ ಗಾಡಿಗೂ ತಿಂಗಳಿಗೆ 7,500 ರೂಪಾಯಿ ಇತ್ತು. ನಾನು ಅದನ್ನೇ ಹಿಡಿದು ಎರಡು ಲಾರಿಗೆ ವರ್ಷಕ್ಕೆ 1,80,000 ಎಂದು ಬರೆದಿದ್ದೆ. ಆದರೆ 12 ಟನ್ ಮೀರಿದ ಗಾಡಿಗಳಿಗೆ ನಿಯಮ ಬದಲಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಅವುಗಳ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ ಸಾವಿರ ರೂಪಾಯಿ. ಆರ್‌ಸಿಯಲ್ಲಿ ಆ ಲಾರಿಗಳ ಒಟ್ಟು ತೂಕ 28.5 ಟನ್ ಇತ್ತು. ಅಂದರೆ ಒಂದು ಲಾರಿಗೆ ವರ್ಷಕ್ಕೆ 3,42,000, ಎರಡಕ್ಕೆ 6,84,000. ಒಂದು ಗಾಡಿ ನಾಲ್ಕು ತಿಂಗಳು ಇಂಜಿನ್ ಕೆಲಸಕ್ಕೆಂದು ಗ್ಯಾರೇಜಿನಲ್ಲಿ ನಿಂತಿತ್ತು. ಅದನ್ನೂ ಬಿಡುವಂತಿಲ್ಲ, ಇಲ್ಲಿ ಲೆಕ್ಕಕ್ಕೆ ಬರುವುದು ಗಾಡಿ ಓಡಿದ ತಿಂಗಳಲ್ಲ, ಕೈಯಲ್ಲಿದ್ದ ತಿಂಗಳು. ಯಾವ ವಿನಾಯಿತಿಯೂ ಇಲ್ಲದೆ ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 51 ಸಾವಿರದಷ್ಟು ತೆರಿಗೆ. ನಾನು ತೋರಿಸಿದ್ದು ಸೊನ್ನೆ.

ಡಿಸೆಂಬರಿನ ಗಡುವಿನೊಳಗೆ ತಿದ್ದಿದ ರಿಟರ್ನ್ ಹಾಕಿದೆವು, ಬಡ್ಡಿಯ ದುಡ್ಡನ್ನು ನಾನು ಕೊಟ್ಟೆ. ನನ್ನನ್ನು ಕಾಡಿದ್ದು ಬೇರೆ. ನಿಜವಾಗಿ ಲಾಭ ಅಷ್ಟು ಬಂದಿರದಿದ್ದರೆ ಡೀಸೆಲ್, ಟೈರು, ಸಾಲದ ಬಡ್ಡಿ ಎಲ್ಲದರ ಪುಸ್ತಕ ಇಟ್ಟು, ಸಿಎಯಿಂದ ಆಡಿಟ್ ಮಾಡಿಸಿ ಕಡಿಮೆ ತೋರಿಸುವ ದಾರಿಯೂ ಇತ್ತು. ಅದನ್ನು ಆಯ್ದುಕೊಳ್ಳಬೇಕಾದರೆ ವರ್ಷದ ಆರಂಭದಲ್ಲೇ ಚೀಟಿಗಳನ್ನು ಕೂಡಿಡಬೇಕು. ಏಪ್ರಿಲ್‌ನಲ್ಲಿ ಕೇಳಬೇಕಾದ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಟ್ಯಾಲಿ ಅದನ್ನು ಕೇಳುವುದಿಲ್ಲವಲ್ಲ.

ಆಮೇಲೆ ಉಳಿದ ಮಾಲೀಕರ ಕಾಗದ ತೆಗೆದು ನೋಡಿದೆ. ಕೆಲವರ ಬಾಡಿಗೆಯಲ್ಲಿ ನೂರಕ್ಕೆ ಒಂದು ರೂಪಾಯಿ ಟಿಡಿಎಸ್ ಮುರಿದಿತ್ತು. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲವೆಂದು ಪ್ಯಾನ್ ನಂಬರಿನ ಜೊತೆ ಬರೆದುಕೊಟ್ಟರೆ ಅದನ್ನು ಮುರಿಯಬೇಕಿಲ್ಲ. ಆ ಒಂದು ಹಾಳೆ ಕೊಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಒಬ್ಬರಿಗೆ ಮಾಡಿದ ಕೆಲಸ ಇನ್ನು ಹತ್ತು ಜನರಿಗೆ ಹಾಗೆಯೇ ಬೇಕಾಗುತ್ತದೆ ಎಂದು ಕಂಡ ದಿನ, ಇನ್ನು ಲಾರಿ ಲೆಕ್ಕ ಮಾತ್ರ ಎಂದು ಮನಸ್ಸು ಮಾಡಿದೆ.

ಮನೆಯಲ್ಲಿ ಹೇಳಿದಾಗ ಅಪ್ಪ ಮಾತಾಡಲಿಲ್ಲ. ಅವರು ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತವರು. ಅದರ ಸದ್ದು ಕೇಳಿಯೇ ಬ್ಲೇಡು ಮೊಂಡಾಗಿದೆ ಎಂದು ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಅಂಥ ಯಂತ್ರ ಸುತ್ತಮುತ್ತ ಎಲ್ಲೂ ಇರಲಿಲ್ಲ. ಪ್ಲೈವುಡ್, ಫೆರೋ ಅಲಾಯ್ಸ್ ಎರಡನ್ನೂ ಕಳೆದುಕೊಂಡು ಕಾಗದದ ಕಾರ್ಖಾನೆಯೊಂದನ್ನೇ ನೆಚ್ಚಿ ಕೂತ ಊರಿನಲ್ಲಿ 'ಒಂದೇ' ಎಂಬ ಮಾತಿಗೆ ಜನ ಬೆಚ್ಚುತ್ತಾರೆ.

ಅಪ್ಪನ ಮೌನಕ್ಕೆ ಉತ್ತರ ಹುಡುಕುತ್ತ ಟ್ರಿಪ್ ಶೀಟುಗಳನ್ನು ಹರಡಿಕೊಂಡು ಕೂತೆ. ನನ್ನ ಹತ್ತಿರ ಆಗ ಹನ್ನೊಂದು ಮಾಲೀಕರು, ಹತ್ತೊಂಬತ್ತು ಲಾರಿ. ಹನ್ನೆರಡು ಲಾರಿಗಳು ಹೋಗುವಾಗ ಕಾಗದ, ಬರುವಾಗ ಕಟ್ಟಿಗೆ, ಒಂದೇ ಗೇಟಿನ ಬಾಡಿಗೆ. ಉಳಿದವು ಹಳಿಯಾಳದ ಕಬ್ಬು, ಮೆಕ್ಕೆಜೋಳ, ಹುಬ್ಬಳ್ಳಿಯ ಸಾಮಾನು. ಕಬ್ಬಿನವು ಹಂಗಾಮು ಮುಗಿದರೆ ನಿಲ್ಲುತ್ತವೆ. ಅಪ್ಪ ಕಟ್ಟಿಕೊಂಡದ್ದು ಒಂದು ಯಂತ್ರವನ್ನು, ಒಂದು ಗೇಟನ್ನು. ಲಾರಿ ಹಾಗಲ್ಲ, ಈ ಗೇಟು ಮುಚ್ಚಿದರೆ ಇನ್ನೊಂದಕ್ಕೆ ಹೋದೀತು. ಆದರೆ ಆ ಹನ್ನೆರಡೂ ಒಟ್ಟಿಗೆ ನಿಂತರೆ ಅವು ದಾರಿ ಹುಡುಕುವ ತನಕ ನನ್ನ ಫೀಜೂ ನಿಲ್ಲುತ್ತದೆ.

ಹಾಗಾಗಿ ಮುಂದಿನ ಆರು ತಿಂಗಳು ದಾಂಡೇಲಿಯ ಹೊಸ ಲಾರಿ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ವಾರಕ್ಕೆರಡು ದಿನ ಹಳಿಯಾಳ, ಮುಂಡಗೋಡಕ್ಕೆ ಬಸ್ಸು ಹತ್ತಿ ಅಲ್ಲಿನ ಮಾಲೀಕರನ್ನು ಕಂಡೆ. ಫೀಜನ್ನು ಎಂಟ್ರಿಗೆ ಇಷ್ಟು ಎನ್ನುವುದು ಬಿಟ್ಟು ಲಾರಿಗೆ ಇಷ್ಟು ಎಂದು ಮಾಡಿದೆ. ಹೋಮ್‌ಸ್ಟೇಯನ್ನೂ ಗೊಬ್ಬರದ ಅಂಗಡಿಯನ್ನೂ ಗೆಳೆಯನೊಬ್ಬನಿಗೆ ಒಪ್ಪಿಸಿದೆ.

ಸ್ವೆಟರ್ ಅಮ್ಮನನ್ನು ಮಾತ್ರ ಬಿಡಲಾಗಲಿಲ್ಲ. ಅವರ ಸರಕು ಯಾವ ಲಾರಿಯಲ್ಲಿ ಹೋಗುತ್ತದೆ ಎಂದು ಈಗ ಕೇಳುತ್ತೇನೆ.